ಒಮ್ಮೆ ಬಸ್ಸಿನಿಂದ ಇಳಿದ ಮೇಲೆ: ಪ್ಯಾನಿಕ್ ಅಟ್ಯಾಕ್ ಆದವರು ಮತ್ತೆ ಬಸ್ಸು ಹತ್ತುವ ಬಗೆ

ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆಯಿಂದ ಆಪ್ತಸಮಾಲೋಚನೆಗೆಂದು ನನ್ನಲ್ಲಿಗೆ ಬರುವವರಿಗೆ ನಾನು ಮೊದಲು ಕೇಳುವ ಪ್ರಶ್ನೆ, ಹೇಗೆ ಬಂದಿರಿ ಎಂದು. ‘ಕಾರು ಬಾಡಿಗೆಗೆ ಮಾಡಿಕೊಂಡು ಬಂದೆವು’ ಅನ್ನುವವರು ಕೆಲವರು. ‘ಇವರು ಬೈಕಿನಲ್ಲಿ ಬಿಟ್ಟರು, ಹೊರಗೇ ಕಾಯ್ತಾ ಇದ್ದಾರೆ’ ಅನ್ನುವವರು ಇನ್ನು ಕೆಲವರು. ಮನೆ ಮುಂದಿನಿಂದಲೇ ಬಸ್ಸಿದ್ದರೂ ಬಸ್ಸಿನಲ್ಲಿ ಬಂದಿರುವುದಿಲ್ಲ. ಅರ್ಧ ಕಥೆ ನನಗೆ ಅಲ್ಲಿಗೇ ಗೊತ್ತಾಗುತ್ತದೆ.

ಅಂಥವರಲ್ಲಿ ಒಬ್ಬರನ್ನು ಮುಂದಿಟ್ಟುಕೊಂಡು ಈ ಲೇಖನ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ನೀರ್ಚಾಲಿನ ಬದಿಯವರು, ಉಪ್ಪಳದ ಹತ್ತಿರದ ಶಾಲೆಯೊಂದರಲ್ಲಿ ಕಲಿಸುವವರು. ಟೀಚರ್ ಎಂದೇ ಕರೆಯೋಣ. ಏಪ್ರಿಲಿನ ಒಂದು ಮಧ್ಯಾಹ್ನ ಕುಂಬಳೆಯಿಂದ ಮಂಗಳೂರಿಗೆ ಹೊರಟ ಬಸ್ಸಿನಲ್ಲಿ ಅವರು ನಿಂತಿದ್ದರು. ಹೆದ್ದಾರಿ ಕೆಲಸದಿಂದಾಗಿ ಉಪ್ಪಳ ದಾಟಿದ ಮೇಲೆ ಬಸ್ಸು ನಿಂತೇಬಿಟ್ಟಿತು. ಸೆಖೆ, ಧೂಳು, ಮೈಗೆ ಮೈ ತಾಗುವಷ್ಟು ಜನ. ಇದ್ದಕ್ಕಿದ್ದಂತೆ ಎದೆ ಹೊಡೆದುಕೊಳ್ಳತೊಡಗಿತು. ಉಸಿರು ಸಾಲದು ಅನ್ನಿಸಿತು, ಬೆರಳುಗಳು ಜುಮ್ಮೆಂದವು, ‘ಇದು ಹಾರ್ಟ್ ಅಟ್ಯಾಕೇ’ ಅನ್ನಿಸಿತು. ಹೇಗೋ ನುಗ್ಗಿ ಹೊಸಂಗಡಿಯಲ್ಲಿ ಇಳಿದರು. ಒಂದು ಅಂಗಡಿಯ ಬೆಂಚಿನಲ್ಲಿ ಕುಳಿತು ಬೊಂಡ ಕುಡಿದರು. ಸ್ವಲ್ಪ ಹೊತ್ತಿನಲ್ಲಿ ಎಲ್ಲ ಸರಿಹೋಯಿತು.

ತೊಂದರೆಯ ಬೇರು ಆ ‘ಸರಿಹೋಯಿತು’ ಎಂಬಲ್ಲಿದೆ.

ಪ್ಯಾನಿಕ್ ಅಟ್ಯಾಕ್ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುತ್ತತುದಿಗೆ ಏರಿ, ಆಮೇಲೆ ತಾನಾಗಿ ಇಳಿಯತೊಡಗುತ್ತದೆ. ಇಳಿಯುವುದಕ್ಕೆ ಬೊಂಡ ಬೇಕಿಲ್ಲ, ಬೆಂಚು ಬೇಕಿಲ್ಲ. ಬಸ್ಸಿನಲ್ಲೇ ನಿಂತಿದ್ದರೂ ಇಳಿಯುತ್ತಿತ್ತು. ಆದರೆ ಟೀಚರ್ ಬಸ್ಸಿನಿಂದ ಇಳಿದದ್ದೂ ಭಯ ಇಳಿದದ್ದೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಹಾಗಾಗಿ ‘ಇಳಿದದ್ದಕ್ಕೆ ಬದುಕಿದೆ’ ಎಂಬ ಲೆಕ್ಕ ಮೈಯೊಳಗೆ ಗಟ್ಟಿಯಾಗಿ ಕೂತುಬಿಟ್ಟಿತು. ದಾರಿಯಲ್ಲಿ ಹೋಗುವವನನ್ನು ನೋಡಿ ಮನೆಯ ನಾಯಿ ಬೊಗಳುತ್ತದೆ, ಅವನು ತನ್ನ ಪಾಡಿಗೆ ಮುಂದೆ ಹೋಗುತ್ತಾನೆ, ಓಡಿಸಿದ್ದು ತಾನೇ ಎಂದು ನಾಯಿ ತಿಳಿದುಕೊಳ್ಳುತ್ತದೆ. ನಾಳೆ ಇನ್ನಷ್ಟು ಜೋರಾಗಿ ಬೊಗಳುತ್ತದೆ. ಇಲ್ಲಿ ಆದದ್ದೂ ಹಾಗೆಯೇ.

ಮರುವಾರ ಟೀಚರ್ ಮಂಗಳೂರಿನ ಬಸ್ಸು ಬಿಟ್ಟರು. ಆಮೇಲೆ ರಶ್ಶಿನ ಬಸ್ಸು ಬಿಟ್ಟರು. ಮತ್ತೆ ಶಾಲೆಯ ಬಸ್ಸೂ ಬೇಡವಾಗಿ ಗಂಡನ ಬೈಕಾಯಿತು. ಅಷ್ಟರಲ್ಲಿ ಮಾವನ ಕಣ್ಣಿನ ಆಪರೇಷನ್‌ಗೆಂದು ಮಂಗಳೂರಿನ ಒಂದು ಆಸ್ಪತ್ರೆಗೆ ಹೋದಾಗ ಲಿಫ್ಟಿನ ಬಾಗಿಲು ಮುಚ್ಚುತ್ತಿದ್ದಂತೆ ಎದೆ ಮತ್ತೆ ಹೊಡೆದುಕೊಂಡಿತು. ಅಂದಿನಿಂದ ಲಿಫ್ಟೂ ಇಲ್ಲ. ಕುಂಬಳೆ ಆಯನದ ಬೆಡಿಗೆ ಚಿಕ್ಕಂದಿನಿಂದ ಹೋಗುತ್ತಿದ್ದವರು ಆ ವರ್ಷ ತಲೆನೋವೆಂದು ಮನೆಯಲ್ಲೇ ಉಳಿದರು. ಬಸ್ಸು, ಲಿಫ್ಟು, ಜಾತ್ರೆ ನೋಡುವುದಕ್ಕೆ ಬೇರೆ ಬೇರೆ. ಆದರೆ ಮೂರರಲ್ಲೂ ಇರುವ ಹೆದರಿಕೆ ಒಂದೇ: ‘ಬಂದರೆ ತಕ್ಷಣ ಹೊರಗೆ ಹೋಗಲಿಕ್ಕೆ ಆಗುವುದಿಲ್ಲ, ಎಲ್ಲರ ಎದುರು ಬಿದ್ದುಬಿಡುತ್ತೇನೆ.’

ಕೊನೆಗೆ ಭಯ ಬಸ್ಸನ್ನೂ ಬಿಟ್ಟು ಮೈಯೊಳಗೇ ಬಂತು. ಮನೆಯ ಹಿಂದಿನ ಗುಡ್ಡೆ ಹತ್ತುವಾಗ ಎದೆಬಡಿತ ಏರಿದರೆ ‘ಶುರುವಾಯಿತಾ?’ ಎಂಬ ಗಾಬರಿ. ಆ ಗಾಬರಿಗೆ ಎದೆ ಇನ್ನೂ ಜೋರು, ಅದನ್ನು ಕಂಡು ಗಾಬರಿ ಇನ್ನೂ ಹೆಚ್ಚು. ಕಡುಕಾಫಿ ಬಿಟ್ಟರು, ಮಕ್ಕಳೊಡನೆ ಓಡುವುದನ್ನು ಬಿಟ್ಟರು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಗೋಲ್ಡ್‌ಸ್ಟೈನ್ ಮತ್ತು ಚೇಂಬ್ಲೆಸ್ 1978ರಲ್ಲಿ ಇದನ್ನೇ ‘ಭಯದ ಭಯ’ ಎಂದು ವಿವರಿಸಿದರು. ಬಸ್ಸು, ಲಿಫ್ಟು, ಜನಜಂಗುಳಿ, ಬಯಲು, ಒಬ್ಬರೇ ಹೊರಗೆ ಹೋಗುವುದು ಇಂಥವುಗಳಲ್ಲಿ ಎರಡನ್ನಾದರೂ ಆರು ತಿಂಗಳಿಗಿಂತ ಹೆಚ್ಚು ಕಾಲ ಹೀಗೆ ತಪ್ಪಿಸುತ್ತಾ, ಅದರಿಂದ ದಿನದ ಕೆಲಸಕ್ಕೇ ಅಡ್ಡಿಯಾಗುತ್ತಿದ್ದರೆ ವೈದ್ಯರು ಅದನ್ನು ಅಗೋರಾಫೋಬಿಯಾ ಎಂದು ಗುರುತಿಸುತ್ತಾರೆ. ಆರು ತಿಂಗಳು ಕಾಯಬೇಕೆಂದು ಇದರ ಅರ್ಥವಲ್ಲ. ಮೊದಲ ವಾರಗಳಲ್ಲೇ ಶುರು ಮಾಡಿದರೆ ಬಿಟ್ಟುಕೊಟ್ಟ ಜಾಗ ಕಡಿಮೆ, ಹಿಂದಕ್ಕೆ ಪಡೆಯುವ ಕೆಲಸವೂ ಕಡಿಮೆ.

ಮೊದಲನೆಯದು: ಒಮ್ಮೆ ಡಾಕ್ಟರಿಗೆ ತೋರಿಸಿ, ಒಮ್ಮೆ ಮಾತ್ರ

ಎದೆನೋವು ಮೊದಲ ಸಲ ಬಂದಾಗ ಅದು ಪ್ಯಾನಿಕ್ಕೇ ಎಂದು ನಾವೇ ತೀರ್ಮಾನಿಸಬಾರದು. ನೋವು ಎಡಗೈಗೆ, ದವಡೆಗೆ ಹರಡಿದರೆ, ನಡೆದಾಗ ಹೆಚ್ಚಾಗಿ ಕುಳಿತಾಗ ಕಡಿಮೆಯಾದರೆ, ಬೆವರು ಬಂದು ನೋವು ಇಳಿಯದೇ ಇದ್ದರೆ ಮೊದಲು ಆಸ್ಪತ್ರೆ. ಪೂರ್ತಿ ಪ್ರಜ್ಞೆ ತಪ್ಪಿದರೂ ಹಾಗೆಯೇ. ಉಳಿದವರೂ ಒಂದು ಇಸಿಜಿ, ಥೈರಾಯ್ಡ್, ಹಿಮೋಗ್ಲೋಬಿನ್, ಶುಗರ್ ನೋಡಿಸಿಕೊಂಡರೆ ಒಳ್ಳೆಯದು. ಥೈರಾಯ್ಡ್ ಹೆಚ್ಚಾದರೂ ರಕ್ತ ಕಡಿಮೆಯಾದರೂ ಎದೆ ಹೀಗೇ ಹೊಡೆದುಕೊಳ್ಳುತ್ತದೆ.

ಎಲ್ಲ ಸರಿಯಿದೆ ಎಂದು ಡಾಕ್ಟರು ಹೇಳಿದ ಮೇಲೆ ಅಲ್ಲಿಗೆ ನಿಲ್ಲಿಸಬೇಕು. ಹೊಸ ಲಕ್ಷಣ ಏನೂ ಇಲ್ಲದಿದ್ದರೂ ಪ್ರತಿ ತಿಂಗಳು ಹೊಸ ಇಸಿಜಿ, ದಿನಕ್ಕೆ ನಾಲ್ಕು ಸಲ ಬಿಪಿ ನೋಡುವುದು ಶುರುವಾದರೆ ಅದು ತಪಾಸಣೆಯಲ್ಲ, ಭಯಕ್ಕೆ ಹಾಕುವ ಮೇವು. ಟೀಚರ್ ಇಸಿಜಿಯ ಮೂರು ಪ್ರತಿಗಳನ್ನು ಪರ್ಸಿನಲ್ಲಿ ಮಡಚಿ ಇಟ್ಟುಕೊಂಡಿದ್ದರು.

ನಮ್ಮ ಕಡೆ ಇದಕ್ಕೆ ‘ಗ್ಯಾಸ್’ ಅನ್ನುತ್ತಾರೆ, ‘ಪ್ರೆಷರ್ ಲೋ ಆದದ್ದು’ ಅನ್ನುತ್ತಾರೆ, ಗಾಳಿ ಸೋಂಕಿದೆ ಎಂದು ನೂಲು ಕಟ್ಟಿಸುವವರೂ ಇದ್ದಾರೆ. ಹಿರಿಯರ ಸಮಾಧಾನಕ್ಕೆ ನೂಲು ಕಟ್ಟಿಸಿಕೊಂಡರೆ ನನ್ನ ತಕರಾರಿಲ್ಲ. ಆದರೆ ಪ್ರೆಷರ್ ಲೋ ಎಂಬುದನ್ನು ಮಾತ್ರ ತಿದ್ದಲೇಬೇಕು. ಪ್ಯಾನಿಕ್ಕಿನಲ್ಲಿ ಬಿಪಿ ಸಾಮಾನ್ಯವಾಗಿ ಏರುತ್ತದೆ. ತಲೆ ತಿರುಗಿ ಬೀಳುವುದು ಅದು ಇಳಿದಾಗ. ಹಾಗಾಗಿ ‘ಬಿದ್ದುಬಿಡುತ್ತೇನೆ’ ಎಂದು ಎಷ್ಟು ಬಲವಾಗಿ ಅನ್ನಿಸಿದರೂ ಪ್ಯಾನಿಕ್ಕಿನಿಂದ ಬೀಳುವುದು ತೀರಾ ಅಪರೂಪ. ರಕ್ತ, ಸೂಜಿ ನೋಡಿ ಬೀಳುವವರ ವಿಷಯ ಬೇರೆ.

ಎರಡನೆಯದು: ಏನೇನು ಬಿಟ್ಟಿದ್ದೀರಿ, ಏನೇನು ಹಿಡಿದುಕೊಂಡಿದ್ದೀರಿ, ಬರೆಯಿರಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಎಡಪುಟದಲ್ಲಿ ತಪ್ಪಿಸುತ್ತಿರುವ ಜಾಗಗಳು. ಇದು ಸುಲಭ, ಎಲ್ಲರೂ ಬರೆಯುತ್ತಾರೆ. ಬಲಪುಟದಲ್ಲಿ ಹೋದಾಗಲೂ ಆಸರೆಗೆಂದು ಇಟ್ಟುಕೊಳ್ಳುವ ಸಂಗತಿಗಳು. ಇದನ್ನು ಬರೆಯಲು ಹೊತ್ತು ಹಿಡಿಯುತ್ತದೆ, ಏಕೆಂದರೆ ಇವು ಅಭ್ಯಾಸದ ಹಾಗೆ ಕಾಣುತ್ತವೆ. ಟೀಚರ್ ಬರೆದದ್ದು: ಬಾಗಿಲ ಪಕ್ಕದ ಸೀಟೇ ಆಗಬೇಕು, ಕೈಯಲ್ಲಿ ನೀರಿನ ಬಾಟಲಿ, ಶುಗರ್ ಇಳಿದರೆಂದು ಚಾಕಲೇಟು, ಬ್ಯಾಗಿನಲ್ಲಿ ಭಯ ತಗ್ಗಿಸುವ ಅಲ್ಪ್ರಾಜೋಲಾಮ್ ಮಾತ್ರೆಯ ಸ್ಟ್ರಿಪ್ಪು, ಗಂಡನ ಜೊತೆ ಫೋನ್ ಕಾಲ್ ಚಾಲೂ, ದಾರಿಯುದ್ದಕ್ಕೂ ಇರುವ ಆಸ್ಪತ್ರೆಗಳನ್ನು ಗುರುತು ಹಾಕಿಕೊಳ್ಳುವುದು, ಮಣಿಕಟ್ಟು ಹಿಡಿದು ನಾಡಿ ಎಣಿಸುವುದು.

ಈ ಬಲಪುಟವೇ ಹೆಚ್ಚು ಮುಖ್ಯ. ‘ನಾನು ಬಸ್ಸಿನಲ್ಲಿ ಹೋಗುತ್ತಲೇ ಇದ್ದೇನೆ, ಆದರೂ ಭಯ ಹೋಗಿಲ್ಲ’ ಅನ್ನುವವರ ಕಾರಣ ಸಾಮಾನ್ಯವಾಗಿ ಇಲ್ಲಿ ಸಿಗುತ್ತದೆ. ಬಾಟಲಿ ಹಿಡಿದು ಹೋಗಿ ಸುಖವಾಗಿ ಮುಟ್ಟಿದರೆ ಮೈ ಕಲಿಯುವುದು ‘ಬಸ್ಸಿನಲ್ಲಿ ಏನೂ ಆಗುವುದಿಲ್ಲ’ ಎಂದಲ್ಲ, ‘ಬಾಟಲಿ ಇತ್ತು, ಬಚಾವಾದೆ’ ಎಂದು. ಬಸ್ಸು ಬಿಟ್ಟು ಕುಂಬಳೆಯಿಂದ ರೈಲು ಹಿಡಿಯುವುದೂ ಕೆಲವರಿಗೆ ಇಂಥದೇ ಆಸರೆ: ಎದ್ದು ಓಡಾಡಬಹುದು, ಶೌಚಾಲಯ ಇದೆ ಎಂಬ ಧೈರ್ಯ.

ಮೂರನೆಯದು: ಬಸ್ಸಿಗಿಂತ ಮೊದಲು ಮನೆಯಲ್ಲಿ, ಕುರ್ಚಿಯ ಮೇಲೆ

ಭಯ ಇರುವುದು ಎದೆಬಡಿತಕ್ಕೆ, ಉಸಿರಿಗೆ, ತಲೆ ಹಗುರಾಗುವುದಕ್ಕೆ. ಹಾಗಿರುವಾಗ ಅಭ್ಯಾಸವೂ ಅವುಗಳಿಂದಲೇ ಶುರುವಾಗಬೇಕು. ಪ್ಯಾನಿಕ್ಕಿನ ಲಕ್ಷಣಗಳನ್ನು ಬೇಕೆಂದೇ ತಂದುಕೊಳ್ಳುವ ಅಭ್ಯಾಸವಿದು. ಹೃದಯದ ಕಾಯಿಲೆ, ಉಬ್ಬಸ, ಅಪಸ್ಮಾರ ಇದ್ದವರು, ಗರ್ಭಿಣಿಯರು ಡಾಕ್ಟರನ್ನು ಕೇಳದೆ ಮಾಡಬಾರದು.

ಕುರ್ಚಿಯಲ್ಲಿ ಕುಳಿತು ಒಂದು ನಿಮಿಷ ಬಾಯಿಯಿಂದ ಬೇಗಬೇಗ, ಆಳವಾಗಿ ಉಸಿರಾಡಿ. ಎರಡು ಸೆಕೆಂಡಿಗೊಂದು ಉಸಿರು ಸಾಕು. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಬೆರಳು, ತುಟಿ ಜುಮ್ಮೆನ್ನುತ್ತವೆ, ತಲೆ ಹಗುರಾಗುತ್ತದೆ, ಸುತ್ತಲಿನದು ಕನಸಿನ ಹಾಗೆ ಕಾಣುತ್ತದೆ. ಬಸ್ಸಿನಲ್ಲಿ ಆದದ್ದೂ ಇದೇ. ಭಯದಿಂದ ಉಸಿರು ಹೆಚ್ಚಾಯಿತು, ಹೆಚ್ಚಾದ ಉಸಿರಿನಿಂದ ಕೈ ಜುಮ್ಮೆಂದಿತು, ಜುಮ್ಮೆಂದದ್ದಕ್ಕೆ ಭಯ ಇನ್ನೂ ಏರಿತು. ಬೇರೆ ಎರಡು: ಒಂದು ನಿಮಿಷ ನಿಂತಲ್ಲೇ ಓಡುವುದು ಎದೆಬಡಿತಕ್ಕೆ, ಮೂಗು ಹಿಡಿದು ಸಪೂರ ಸ್ಟ್ರಾ ಮೂಲಕ ಒಂದೆರಡು ನಿಮಿಷ ಉಸಿರಾಡುವುದು ಉಸಿರು ಕಟ್ಟಿದ ಭಾವಕ್ಕೆ.

ಪ್ರತಿಯೊಂದನ್ನೂ ಮಾಡಿ ನೋಟ್‌ಬುಕ್ಕಿನಲ್ಲಿ ಎರಡು ಅಂಕಿ ಬರೆಯಿರಿ: ಲಕ್ಷಣ ಎಷ್ಟು ಜೋರಿತ್ತು, ಭಯ ಎಷ್ಟಾಯಿತು, ಎರಡೂ ಹತ್ತರಲ್ಲಿ. ಯಾವುದು ನಿಜವಾದ ಅಟ್ಯಾಕಿಗೆ ಹತ್ತಿರವೋ ಅದನ್ನು ದಿನವೂ ಬೆನ್ನುಬೆನ್ನಿಗೆ ಮೂರ್ನಾಲ್ಕು ಸಲ ಮಾಡಿ. ಟೀಚರಿಗೆ ಬೇಗ ಉಸಿರಾಡುವುದರಲ್ಲಿ ಮೊದಲ ದಿನ ಲಕ್ಷಣ ಎಂಟು, ಭಯವೂ ಎಂಟು. ವಾರ ಕಳೆದಾಗ ಲಕ್ಷಣ ಏಳು, ಭಯ ಮೂರು. ಇಳಿಯಬೇಕಾದದ್ದು ಎರಡನೆಯ ಅಂಕಿ. ಲಕ್ಷಣ ಹಾಗೇ ಇರಬಹುದು. ಗುಡ್ಡೆ ಹತ್ತಿದರೆ ಎದೆ ಹೊಡೆದುಕೊಳ್ಳಲೇಬೇಕಲ್ಲ.

ಜುಮ್ಮೆನ್ನಲು ಶುರುವಾದ ಕೂಡಲೇ ನಿಲ್ಲಿಸಿಬಿಡುವುದು ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು. ಅದು ಹೊಸಂಗಡಿಯಲ್ಲಿ ಇಳಿದ ಹಾಗೆಯೇ ಆಯಿತು.

ನಾಲ್ಕನೆಯದು: ಬಸ್ಸು, ಒಂದೊಂದೇ ಸ್ಟಾಪು

ಈಗ ಎಡಪುಟದ ಜಾಗಗಳನ್ನು ಸುಲಭದಿಂದ ಕಷ್ಟಕ್ಕೆ ಜೋಡಿಸಿ. ಟೀಚರ್ ಮಾಡಿಕೊಂಡ ಕ್ರಮ ಹೀಗಿತ್ತು. ಮಧ್ಯಾಹ್ನದ ಖಾಲಿ ಬಸ್ಸಿನಲ್ಲಿ ನೀರ್ಚಾಲಿನಿಂದ ಸೀತಾಂಗೋಳಿಗೆ, ಗಂಡನ ಜೊತೆ. ಅದೇ ದಾರಿ ಒಬ್ಬರೇ. ಸೀತಾಂಗೋಳಿ ದಾಟಿ ಕುಂಬಳೆಗೆ ಒಬ್ಬರೇ. ಕುಂಬಳೆಯಿಂದ ಬಂದ್ಯೋಡಿಗೆ, ಆಮೇಲೆ ಉಪ್ಪಳಕ್ಕೆ, ಬೆಳಗಿನ ರಶ್ಶಿನಲ್ಲಿ. ಹೊಸಂಗಡಿಯಲ್ಲಿ ಇಳಿಯದೆ ತಲಪಾಡಿ. ಕೊನೆಗೆ ತೊಕ್ಕೊಟ್ಟು, ನೇತ್ರಾವತಿ ಸೇತುವೆ ದಾಟಿ ಮಂಗಳೂರು, ಸಾಧ್ಯವಾದರೆ ನಿಂತುಕೊಂಡು.

ಪ್ರತಿ ಪ್ರಯಾಣದ ಮೊದಲು ಒಂದು ಸಾಲು ಬರೆಯಬೇಕು: ಏನಾಗುತ್ತದೆ ಎಂದು ನನಗೆ ಅನ್ನಿಸುತ್ತಿದೆ, ಎಷ್ಟು ಖಾತ್ರಿಯಾಗಿ? ‘ನನಗೆ ಭಯವಾಗುತ್ತದೆ’ ಎಂದು ಬರೆದರೆ ಪ್ರಯೋಜನವಿಲ್ಲ. ಭಯವಾಗುವುದು ಹೇಗೂ ಇದ್ದದ್ದೇ. ನೋಡಿದವರಿಗೆ ಗೊತ್ತಾಗುವಂಥ ಘಟನೆ ಬರೆಯಬೇಕು. ಟೀಚರ್ ಬಂದ್ಯೋಡಿನ ದಿನ ಬರೆದದ್ದು: ‘ಶಿರಿಯ ಸೇತುವೆ ದಾಟುವ ಮೊದಲು ಪ್ರಜ್ಞೆ ತಪ್ಪಿ ಬೀಳುತ್ತೇನೆ. ನೂರಕ್ಕೆ 80.’ ಬಂದ್ಯೋಡಿನಲ್ಲಿ ಇಳಿದು ಬರೆದದ್ದು: ‘ಸೇತುವೆಯ ಹತ್ತಿರ ಎದೆ ಹೊಡೆದುಕೊಂಡಿತು, ಕೈ ಜುಮ್ಮೆಂದಿತು, ಮಂಡಿ ನಡುಗಿತು. ಬೀಳಲಿಲ್ಲ. ಪಕ್ಕದವರಿಗೆ ಗೊತ್ತೇ ಆಗಲಿಲ್ಲ, ಅವರು ಟಿಕೆಟಿನ ಚಿಲ್ಲರೆ ಕೇಳುತ್ತಿದ್ದರು.’ ಮುಂದಿನ ಸಲ ಅದೇ ಸಾಲಿನ ಮುಂದೆ 80 ಇದ್ದದ್ದು 50 ಆಯಿತು.

ಆರಾಮವಾಗಿ ಹೋಗಿಬಂದ ಪ್ರಯಾಣಕ್ಕಿಂತ ಎದೆ ಹೊಡೆದುಕೊಂಡು, ಆದರೂ ಹೇಳಿದ್ದು ಆಗದೇ ಹೋದ ಪ್ರಯಾಣ ಹೆಚ್ಚು ಕಲಿಸುತ್ತದೆ. ಇದನ್ನು ನನ್ನಲ್ಲಿಗೆ ಬರುವವರು ನಂಬುವುದು ತಡವಾಗಿ.

ಬಸ್ಸಿನೊಳಗೆ ಭಯ ಏರಿದರೆ ಮಾಡಬೇಕಾದದ್ದು ತುಂಬ ಕಡಿಮೆ. ಇಳಿಯಬೇಡಿ. ಭಯದ ಜೊತೆ ಜಗಳ ಆಡಬೇಡಿ. ‘ಎದೆ ಹೊಡೆಯುತ್ತಿದೆ, ಕೈ ಜುಮ್ಮೆನ್ನುತ್ತಿದೆ’ ಎಂದು ಇದ್ದದ್ದನ್ನು ಇದ್ದ ಹಾಗೆ ಮನಸ್ಸಿನಲ್ಲಿ ಹೇಳಿಕೊಳ್ಳಿ, ಕಣ್ಣು ತೆರೆದು ಕಿಟಕಿಯ ಹೊರಗೆ ನೋಡಿ. ಪ್ರಾಣಾಯಾಮ ಕಲಿತವರು ಒಂದು ವಿಷಯ ಗಮನಿಸಬೇಕು: ಮನೆಯಲ್ಲಿ ದಿನವೂ ಮಾಡಿ, ಒಳ್ಳೆಯದೇ. ಆದರೆ ಬಸ್ಸಿನಲ್ಲಿ ಭಯ ಬಂದ ತಕ್ಷಣ ಅದನ್ನು ಓಡಿಸಲೆಂದು ಉಸಿರು ಎಣಿಸತೊಡಗಿದರೆ ಅದೂ ಬಾಟಲಿಯ ಸಾಲಿಗೆ ಸೇರುತ್ತದೆ.

ತಡೆಯಲಾರದೆ ಇಳಿದೇಬಿಟ್ಟರೆ? ಮನೆಗೆ ಆಟೋ ಹಿಡಿಯಬೇಡಿ. ಅದೇ ಸ್ಟಾಪಿನಲ್ಲಿ ನಿಂತು, ಅದೇ ದಿಕ್ಕಿನ ಮುಂದಿನ ಬಸ್ಸು ಹತ್ತಿ ಒಂದು ಸ್ಟಾಪಾದರೂ ಹೋಗಿ. ಒಂದು ಹಂತ ವಾರದಲ್ಲಿ ಮೂರ್ನಾಲ್ಕು ಸಲವಾದರೂ ಆಗಬೇಕು. ಭಾನುವಾರಕ್ಕೊಮ್ಮೆ ಮಾಡಿದರೆ ನಡುವಿನ ದಿನಗಳಲ್ಲಿ ಕಾಯುವ ಭಯವೇ ಬೆಳೆದು, ಪ್ರತಿ ಭಾನುವಾರ ಹೊಸದಾಗಿ ಶುರು ಮಾಡಿದ ಹಾಗಾಗುತ್ತದೆ.

ಬಲಪುಟದ ಆಸರೆಗಳನ್ನು ಈ ಹಂತಗಳ ಜೊತೆಗೇ ಒಂದೊಂದಾಗಿ ಬಿಡಬೇಕು. ಟೀಚರ್ ಮೊದಲು ಬಿಟ್ಟದ್ದು ಫೋನ್ ಕಾಲ್, ಆಮೇಲೆ ಚಾಕಲೇಟು, ಆಮೇಲೆ ಬಾಗಿಲ ಪಕ್ಕದ ಸೀಟು. ಕೊನೆಗೆ ಬಿಟ್ಟದ್ದು ಮಾತ್ರೆಯ ಸ್ಟ್ರಿಪ್ಪು. ಅವರು ಅದನ್ನು ನುಂಗುತ್ತಿರಲಿಲ್ಲ, ಹೊತ್ತುಕೊಂಡು ಹೋಗುತ್ತಿದ್ದರು ಅಷ್ಟೆ.

ಮನೆಯವರಿಗೆ

ಗಂಡ ತುಂಬ ಒಳ್ಳೆಯವರು. ಅದೇ ತೊಡಕಾಗಿತ್ತು. ಟೀಚರ್ ‘ನನಗೇನಾದರೂ ಆದರೆ?’ ಅಂದಾಗಲೆಲ್ಲ ‘ಏನೂ ಆಗುವುದಿಲ್ಲ, ನಾನಿದ್ದೇನಲ್ಲ’ ಅನ್ನುತ್ತಿದ್ದರು. ಅವರಿಗೆ ನಾನು ಹೇಳಿದ್ದು ಇಷ್ಟು: ‘ನೋಟ್‌ಬುಕ್ಕಿನಲ್ಲಿ ಏನು ಬರೆದಿದ್ದೀ, ನೋಡಿ ಬರುವ’ ಅನ್ನಿ. ‘ನಾನಿದ್ದೇನೆ’ ಎಂಬುದು ಆ ಕ್ಷಣಕ್ಕೆ ಸಮಾಧಾನ, ಆದರೆ ನೀವಿಲ್ಲದಾಗ ಏನೋ ಆಗುತ್ತದೆ ಎಂಬ ಮಾತೂ ಅದರೊಳಗೇ ಇದೆ. ಬೈಯುವುದು, ‘ಎಂತ ಇಷ್ಟಕ್ಕೆಲ್ಲ ಹೆದರುವುದು’ ಎಂದು ತಮಾಷೆ ಮಾಡುವುದು ಅದಕ್ಕಿಂತ ಕೆಟ್ಟದ್ದು. ಒತ್ತಾಯದಿಂದ ಜಾತ್ರೆಯ ನಡುವೆ ಎಳೆದುಕೊಂಡು ಹೋಗಿ ನಿಲ್ಲಿಸುವುದೂ ಬೇಡ. ಯಾವ ಹೆಜ್ಜೆ, ಯಾವಾಗ ಎಂಬುದನ್ನು ಭಯಪಡುವವರೇ ತೀರ್ಮಾನಿಸಬೇಕು.

ಲಿಫ್ಟು, ಜಾತ್ರೆ

ಬಸ್ಸು ದಾರಿಗೆ ಬಂದರೆ ಇವು ಬೇಗ ಬರುತ್ತವೆ, ಆದರೂ ಬೇರೆಯಾಗಿ ಮಾಡಬೇಕು. ಲಿಫ್ಟಿನಲ್ಲಿ ಮೊದಲು ಒಂದು ಮಹಡಿ, ಮತ್ತೆ ಎರಡು, ಮತ್ತೆ ಕೆಳಗೆ ಮೇಲೆ ಹಲವು ಸಲ. ಗಾಳಿ ಮುಗಿದುಹೋಗುತ್ತದೆ ಎಂಬುದು ಇಲ್ಲಿನ ದೊಡ್ಡ ಹೆದರಿಕೆ. ಲಿಫ್ಟು ಗಾಳಿಯಾಡದ ಡಬ್ಬಿಯಲ್ಲ. ನಡುವೆ ನಿಂತರೂ ಒಳಗೆ ಗಾಳಿ ಬರುತ್ತಲೇ ಇರುತ್ತದೆ. ಜಾತ್ರೆಗೆ ಮೊದಲು ಸಂಜೆಯ ಪೇಟೆ, ರೇಷನ್ ಅಂಗಡಿಯ ಸಾಲು, ಮಧೂರಿನಲ್ಲಿ ರಶ್ಶಿನ ದಿನದ ದರ್ಶನದ ಸಾಲು, ಅದೂ ಅಂಚಿನಲ್ಲಲ್ಲ, ನಡುವೆ.

ಮಾತ್ರೆ ಮತ್ತು ಸಹಾಯ

ಮನೆ ಬಿಟ್ಟು ಹೊರಗೇ ಹೋಗಲಾಗದಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಭಯ ತಡೆಯಲು ಕುಡಿತ ಶುರುವಾಗಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ ಇದನ್ನೆಲ್ಲ ಒಬ್ಬರೇ ಮಾಡಬೇಡಿ, ಮನೋವೈದ್ಯರನ್ನು ಕಾಣಿ. ಎಸಿಟಲೊಪ್ರಾಮ್, ಸರ್ಟ್ರಾಲಿನ್ ಜಾತಿಯ ಮಾತ್ರೆಗಳು ನಾಟಲು ಕೆಲವು ವಾರ ಬೇಕು. ಮೊದಲ ದಿನಗಳಲ್ಲಿ ಚಡಪಡಿಕೆ ತುಸು ಹೆಚ್ಚಾಗಲೂಬಹುದು, ಅದನ್ನು ಅಟ್ಯಾಕೆಂದು ತಿಳಿದು ಅನೇಕರು ಬಿಟ್ಟುಬಿಡುತ್ತಾರೆ. ಮೊದಲೇ ಗೊತ್ತಿದ್ದರೆ ಬಿಡುವುದಿಲ್ಲ. ಅಲ್ಪ್ರಾಜೋಲಾಮ್, ಕ್ಲೋನಾಜೆಪಾಮ್ ಬೇಗ ಕೆಲಸ ಮಾಡುತ್ತವೆ, ಆದರೆ ಅಭ್ಯಾಸವಾಗಿ ಹಿಡಿದುಕೊಳ್ಳುತ್ತವೆ. ನುಂಗಿ ಬಸ್ಸು ಹತ್ತಿದರೆ ಕಲಿಕೆಯೂ ಆಗುವುದಿಲ್ಲ. ದಿನವೂ ತೆಗೆದುಕೊಳ್ಳುತ್ತಿದ್ದವರು ಮಾತ್ರ ಒಮ್ಮೆಲೇ ನಿಲ್ಲಿಸಬಾರದು, ಡಾಕ್ಟರು ಹೇಳಿದ ಹಾಗೆ ಇಳಿಸುತ್ತಾ ಬರಬೇಕು.

ಗಡಿನಾಡಿನ ನಮಗೆ ಒಂದು ವಿಚಿತ್ರ ಕಷ್ಟವಿದೆ. ಮನಸ್ಸಿನ ಮಾತನ್ನು ಕನ್ನಡದಲ್ಲೋ ತುಳುವಿನಲ್ಲೋ ಹೇಳಬೇಕೆಂದು ಮಂಗಳೂರು, ದೇರಳಕಟ್ಟೆಗೆ ಹೋಗುವವರು ಹಲವರು, ಹೋಗಲಿಕ್ಕೆ ಹತ್ತಬೇಕಾದದ್ದು ಅದೇ ಬಸ್ಸು. ಅಂಥವರು ಫೋನಿನಿಂದ ಶುರು ಮಾಡಬಹುದು. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ದಿನದ 24 ಗಂಟೆಯೂ ಇದೆ, ಭಾಷೆ ಆರಿಸಿಕೊಳ್ಳಬಹುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಕ್ಲಿನಿಕ್ ಯಾವ ದಿನ ಎಂದು ಹತ್ತಿರದ ಸರಕಾರಿ ಆಸ್ಪತ್ರೆಯಲ್ಲಿ, ಇಲ್ಲವೇ ಆಶಾ ಕಾರ್ಯಕರ್ತೆಯಲ್ಲಿ ಕೇಳಿ.

ಮತ್ತೆ ಬಂದರೆ

ಬರುತ್ತದೆ. ಟೀಚರಿಗೆ ಬಂದದ್ದು ಬೇಸಗೆ ರಜೆ ಮುಗಿಸಿ ಜೂನಿನಲ್ಲಿ ಶಾಲೆಗೆ ಹೊರಟ ಮೊದಲ ವಾರ. ಎರಡು ತಿಂಗಳು ಬಸ್ಸು ಹತ್ತಿರಲಿಲ್ಲ. ಮಳೆಗೆ ಶಟರ್ ಎಳೆದ ಬಸ್ಸು, ಒಳಗೆ ಕತ್ತಲೆ, ಒದ್ದೆ ಕೊಡೆಗಳು. ಬಂದ್ಯೋಡಿನ ಹತ್ತಿರ ಎದೆ ಹಳೆಯ ಹಾಗೆಯೇ ಹೊಡೆದುಕೊಂಡಿತು. ಮರುದಿನ ಗಂಡನ ಬೈಕಿನಲ್ಲಿ ಹೋಗುವ ಮನಸ್ಸಾಯಿತೆಂದು ಫೋನು ಮಾಡಿದರು. ಒಂದು ಹಂತ ಕೆಳಗಿಳಿಯಿರಿ, ಆದರೆ ಈ ವಾರವೇ ಆಗಲಿ ಎಂದೆ. ಬೆಳಗಿನ ರಶ್ಶಿಗಿಂತ ಅರ್ಧ ಗಂಟೆ ಮೊದಲಿನ ಬಸ್ಸಿನಲ್ಲಿ ಮೂರು ದಿನ ಹೋದರು, ನೋಟ್‌ಬುಕ್ಕಿನ ಹೊಸ ಪುಟದಲ್ಲಿ ‘ಶಟರ್ ಹಾಕಿದ್ದರೆ ಉಸಿರು ಕಟ್ಟಿ ಬೀಳುತ್ತೇನೆ, ನೂರಕ್ಕೆ 60’ ಎಂದು ಬರೆದರು, ನಾಲ್ಕನೆಯ ದಿನ ಮಾಮೂಲಿ ಬಸ್ಸು ಹತ್ತಿದರು.